ಮಗ್ಗಲು ಹೊಳ್ಳಿದ್ರ ಮನಿ ತಿರಗತದ: ಅವ್ವಗ ಏನಾಗಿರಬಹುದು?

ಮಾನ್ವಿಯ ಮಗಳು

ಅವ್ವಗ 61 ವರ್ಷ. ಎಂಟು ದಿನ ಆತು, ಹಾಸಿಗ್ಯಾಗ ಬಲಮಗ್ಗಲಿಗೆ ಹೊಳ್ಳಿದ್ರ ಸಾಕು, ಮನಿ ಗರಗರ ತಿರಗತದ ಅಂತಾಳ. ಅರ್ಧ ನಿಮಿಷದಾಗ ನಿಲ್ತದ. ಮ್ಯಾಲಿನ ಗೂಡಿನ ಡಬ್ಬಿ ತಗೊಳಾಕ ತೆಲಿ ಎತ್ತಿದ್ರೂ ಹಂಗ. ಬಿಪಿ ಗುಳಿಗಿ ತಗೊಂತಾಳ. ಒಬ್ರು ಡಾಕ್ಟ್ರು ವೀಕ್ನೆಸ್ ಅಂತ ಸಲಾಯಿನ್ ಹಚ್ಚಿದ್ರು, ಇನ್ನೊಬ್ರು ಕುತ್ತಿಗಿ ಎಲುಬು ಸವದಾವ ಅಂತ ಪಟ್ಟಿ ಕೊಟ್ಟಾರ. ಯಾರಿಗಾದ್ರೂ ಹಿಂಗ ಆಗಿತ್ತೇನ್ರಿ? ಏನ್ ಮಾಡಿದ್ರಿ?

ಸಿಂಧನೂರಿನ ರೈತ

ಅಕ್ಕಾರ, ನಮ್ಮಪ್ಪಗೂ ಇದ ಆಗಿತ್ರಿ. ಹೋದ ಏಪ್ರಿಲ್‌ದಾಗ, ಭತ್ತ ಕೊಯ್ಯೋ ಟೈಮು. ಬದುವಿನ ಮ್ಯಾಲೆ ಕುಂತಾವ ಎದ್ದ ಕೂಡ್ಲೆ ಕಣ್ಣಿಗೆ ಕತ್ಲಿ ಬಂದು, ಮಣಕಾಲು ಸೋತು ಮತ್ತ ಅಲ್ಲೇ ಕುಂತ. ದವಾಖಾನ್ಯಾಗ ಮಲಗಿಸಿ ಬಿಪಿ ನೋಡಿದ್ರ ಮ್ಯಾಲಿಂದು 130, ನಿಂದ್ರಿಸಿ ನೋಡಿದ್ರ 100. ಬಿಪಿ ಗುಳಿಗಿ ಜತಿಗೆ ಮೂತ್ರ ಹೋಗೋ ಗುಳಿಗಿನೂ ಇತ್ತು, ಮ್ಯಾಲೆ ನಮ್ಮ ಬಿಸಿಲು. ಡಾಕ್ಟ್ರು ಒಂದು ಗುಳಿಗಿ ಬದಲಿ ಮಾಡಿದ್ರು, ಸರಿ ಹೋತು. ನಿಮ್ಮ ಅವ್ವಗೂ ಬಿಪಿನ ಇಳೀತಿರಬೇಕು. ಉಪ್ಪು ಹಾಕಿದ ಮಜ್ಜಿಗಿ ಕುಡಸ್ರಿ, ಬಿಪಿ ಗುಳಿಗಿ ಎರಡು ದಿನ ಬಿಟ್ಟು ನೋಡ್ರಿ.

ಗಂಗಾವತಿಯ ಟೀಚರ್

ಅಣ್ಣಾರ, ನಿಮ್ಮಪ್ಪಗ ಆಗಿದ್ದು ಬ್ಯಾರೆ, ಇದು ಬ್ಯಾರೆ ಅನಿಸ್ತೈತಿ. ಅವರಿಗೆ ಕತ್ಲಿ ಬಂತು. ಇವರ ಅವ್ವಗ ಮನಿ ತಿರಗತೈತಿ. ನಂಗ ಎರಡು ವರ್ಷದ ಹಿಂದ ಆಗಿದ್ದು ಇವರ ಅವ್ವನಂಗ ಇತ್ತು, ಅದಕ್ಕ ಹೇಳ್ತೀನಿ.

ನಸುಕಿನ್ಯಾಗ ಅಲಾರಾಂ ಬಂದ್ ಮಾಡಾಕ ಎಡಕ್ಕ ಹೊಳ್ಳಿದೆ. ಫ್ಯಾನು, ಕಿಟಕಿ, ಗೋಡಿ ಎಲ್ಲಾ ಒಂದೇ ದಿಕ್ಕಿಗೆ ಓಡಾಕ ಹತ್ತಿದ್ವು. ಮಂಚದ ಪಟ್ಟಿ ಗಟ್ಟಿ ಹಿಡಕೊಂಡೆ. ಲಕ್ವಾ ಹೊಡೀತು ಅಂತ ಮನಿಯವರನ್ನ ಎಬ್ಬಿಸಿದೆ. ಅವರು ಏಳೋದ್ರಾಗ ನಿಂತಿತ್ತು, ಆದ್ರ ಹೊಟ್ಟಿ ತೊಳಸೋದು ಮಧ್ಯಾಹ್ನದ ಮಟ ಬಿಡಲಿಲ್ಲ. ಬರೇ ಬಲಮಗ್ಗಲಾಗಿ ಮಲಗಿದ್ರ ಏನೂ ಇಲ್ಲ. ತಂಗಿ ಮಗ ಒಂದು ವಿಡಿಯೋ ತೋರಿಸಿದ, ತೆಲಿ ಹಿಂಗ ಹಿಂಗ ತಿರಗಿಸಿದ್ರ ಹೋಗತೈತಿ ಅಂತ. ಮೂರು ದಿನ ಮಾಡಿದೆ, ಏನೂ ಆಗಲಿಲ್ಲ. ಆಮ್ಯಾಲೆ ಬಳ್ಳಾರಿಗೆ ಕಿವಿ ಡಾಕ್ಟ್ರ ಹತ್ರ ಹೋದಾಗ ತಿಳೀತು, ವಿಡಿಯೋದಾಗ ತೋರಿಸಿದ್ದು ಬಲಗಿವಿಗೆ, ನಂದು ಕೆಟ್ಟಿದ್ದು ಎಡಗಿವಿ. ಅವರು ಎಡಕ್ಕ ಮಾಡಿದ್ರು. ಒಂದೇ ಸಲಕ್ಕ ನಿಂತು ಹೋತು. ಗುಳಿಗಿ ಇಲ್ಲ, ಇಂಜೆಕ್ಷನ್ ಇಲ್ಲ. ಕಿವಿಯೊಳಗ ಸಣ್ಣ ಹರಳು ಇರ್ತಾವಂತ, ಅವು ಜಾಗ ಬಿಟ್ಟು ಸರದಿದ್ವು ಅಂದ್ರು.

ಕೊಪ್ಪಳದ ಹಿರಿಯರು

ಟೀಚರಮ್ಮ ಹೇಳೋದು ಖರೆ. ಕಿವ್ಯಾಗ ಗುಗ್ಗಿ ಕಲ್ಲಿನಂಗ ಗಟ್ಟಿ ಆದ್ರ ತೆಲಿ ತಿರಗತೈತಿ. ನಾವು ಸಣ್ಣೋರಿದ್ದಾಗ ಉಗುರು ಬೆಚ್ಚಗಿನ ಎಣ್ಣಿಯೊಳಗ ಒಂದು ಎಸಳು ಬಳ್ಳೊಳ್ಳಿ ಕಾಸಿ ಎರಡೆರಡು ಹನಿ ಬಿಡ್ತಿದ್ರು. ನಾಲ್ಕು ದಿನ ಬಿಡ್ರಿ, ಹರಳು ಕರಗಿ ಹೊರಗ ಬರ್ತಾವ.

ಬಳ್ಳಾರಿ, ಶ್ರವಣ ಪರೀಕ್ಷೆಯ ಕೆಲಸದವಳು

ಹಿರಿಯರೇ, ದಯವಿಟ್ಟು ಎಣ್ಣೆ ಬೇಡ. ಗುಗ್ಗೆ ಇರೋದು ತಮಟೆಯ ಈಚೆಗೆ. ಈ ಹರಳು ಇರೋದು ತಮಟೆಯನ್ನೂ ದಾಟಿ, ಎಲುಬಿನೊಳಗೆ ಹುದುಗಿದ ಒಳಕಿವಿಯಲ್ಲಿ. ಹೊರಗಿನಿಂದ ಹಾಕಿದ ಒಂದು ಹನಿಯೂ ಅಲ್ಲಿಗೆ ಹೋಗಲ್ಲ. ತಮಟೆ ತೂತಾಗಿದ್ದರೆ ಎಣ್ಣೆಯಿಂದ ಕಿವಿ ಸೋರೋದು ಶುರುವಾಗುತ್ತೆ.

ಹದಿನಾಲ್ಕು ವರ್ಷದಿಂದ ಇದೇ ಕೆಲಸದಲ್ಲಿ ಇದ್ದೀನಿ. "ತಲೆ ತಿರುಗುತ್ತೆ" ಅಂತ ಬಂದವರನ್ನು ನಾನು ಮೊದಲು ಕೇಳೋದು ಒಂದೇ ಪ್ರಶ್ನೆ: ಮಲಗಿದ ಮೇಲೆ, ದಿಂಬಿನಿಂದ ತಲೆ ಎತ್ತದೆ ಬರೀ ಮಗ್ಗುಲು ಹೊರಳಿದರೆ ಬರುತ್ತಾ? ಬಿಪಿ ಇಳಿದು ಬರೋ ಸುತ್ತು ಎದ್ದು ನಿಂತಾಗ ಬರುತ್ತೆ, ಯಾಕಂದರೆ ರಕ್ತ ಕಾಲಿಗೆ ಇಳಿದು ಮಿದುಳಿಗೆ ಸಾಲದೆ ಹೋಗುತ್ತೆ. ಮಲಗಿದಲ್ಲೇ ಹೊರಳಿದರೆ ತಲೆ ಎದೆಗಿಂತ ಮೇಲಕ್ಕೆ ಹೋಗೋದೇ ಇಲ್ಲ. ಅಲ್ಲಿ ಬಿಪಿ ಇಳಿಯೋಕೆ ಕಾರಣವೇ ಇಲ್ಲ. ಮಾನ್ವಿಯ ಅಕ್ಕ ಬರೆದ ಮೊದಲ ಸಾಲೇ ನನಗೆ ಅರ್ಧ ಉತ್ತರ ಹೇಳ್ತು. ಹಾಸಿಗೆಯಿಂದ ಏಳುವಾಗ ಮಾತ್ರ ಬರುತ್ತೆ ಅಂದಿದ್ದರೆ ಬಿಡಿಸಿ ಹೇಳೋದು ಕಷ್ಟ ಆಗ್ತಿತ್ತು. ಏಳುವಾಗ ಎರಡೂ ಬರಬಹುದು.

ಹರಳು ಅಂದ್ರೆ ಏನು ಅಂತ ಹೇಳ್ತೀನಿ. ಒಳಕಿವಿಯಲ್ಲಿ ಒಂದು ಸಣ್ಣ ಚೀಲ ಇದೆ, ಅದರೊಳಗೆ ಅಂಟಿನಂಥ ಹಾಸು, ಹಾಸಿನ ಮೇಲೆ ಸುಣ್ಣದ ಪುಡಿಯಂಥ ಹರಳು. ಅವು ಎಲ್ಲರಿಗೂ ಇರುತ್ತವೆ, ಇರಲೇಬೇಕು. ತಲೆ ಎತ್ತ ವಾಲಿದೆ ಅಂತ ಅವುಗಳ ಭಾರದಿಂದಲೇ ಗೊತ್ತಾಗೋದು. ಪಕ್ಕದಲ್ಲಿ ಅರ್ಧಚಂದ್ರದ ಹಾಗೆ ಬಾಗಿದ ಮೂರು ಕೊಳವೆ, ಒಳಗೆ ನೀರು. ಗೌಂಡಿಗಳು ಮಟ್ಟ ನೋಡೋಕೆ ನೀರು ತುಂಬಿದ ಪೈಪು ಹಿಡೀತಾರಲ್ಲ, ಅಂಥದ್ದು. ಕೊಳವೆಯ ಒಂದು ತುದಿಯಲ್ಲಿ ಜೆಲ್ಲಿಯಂಥ ಪರದೆ. ತಲೆ ತಿರುಗಿಸಿದಾಗ ನೀರು ಹಿಂದೆ ಉಳಿದು ಪರದೆಯನ್ನು ಬಗ್ಗಿಸುತ್ತೆ, ತಲೆ ತಿರುಗ್ತಿದೆ ಅಂತ ಮಿದುಳಿಗೆ ಸುದ್ದಿ ಹೋಗುತ್ತೆ. ತಲೆ ನಿಂತರೆ ಸುದ್ದಿಯೂ ನಿಲ್ಲುತ್ತೆ.

ವಯಸ್ಸಾಗಿ, ತಲೆಗೆ ಪೆಟ್ಟು ಬಿದ್ದು, ಅಥವಾ ಏನೂ ಕಾರಣ ಕಾಣದೆಯೂ ಕೆಲವು ಹರಳು ಹಾಸಿನಿಂದ ಕಳಚಿ ಈ ಕೊಳವೆಗೆ ಬೀಳ್ತವೆ. ಹೆಚ್ಚಿನ ಸಲ ಹಿಂಭಾಗದ ಕೊಳವೆಗೆ, ಯಾಕಂದರೆ ಅದೇ ಎಲ್ಲಕ್ಕಿಂತ ಕೆಳಗಿರೋದು. ಆಮೇಲೆ ಆ ಕಡೆ ಹೊರಳಿದಾಗ ಕೊಳವೆ ಬುಡಮೇಲಾಗಿ ಹರಳು ನೀರಿನಲ್ಲಿ ಇಳಿಯೋಕೆ ಶುರು ಮಾಡ್ತವೆ. ಇಳೀತಾ ನೀರನ್ನೂ ಎಳೀತವೆ, ಪರದೆ ಬಗ್ಗುತ್ತೆ. ತಲೆ ದಿಂಬಿನ ಮೇಲೆ ನಿಂತೇ ಇದೆ, ಆದರೆ ಆ ಕಿವಿ ಮಾತ್ರ ಜೋರಾಗಿ ತಿರುಗ್ತಿದೆ ಅಂತ ಹೇಳುತ್ತೆ. ಕಣ್ಣು ಕಿವಿಯ ಮಾತನ್ನೇ ನಂಬಿ ಜಗ್ಗುತ್ತೆ, ಕಣ್ಣು ಜಗ್ಗಿದರೆ ಗೋಡೆ ಓಡುತ್ತೆ. ಹೊರಳಿದ ಎರಡು ಮೂರು ಸೆಕೆಂಡಿನ ಮೇಲೆ ಸುತ್ತು ಶುರುವಾಗೋದು ಹರಳು ಜಾರೋಕೆ ಅಷ್ಟು ಹೊತ್ತು ಬೇಕು ಅಂತ. ಅರ್ಧ ನಿಮಿಷಕ್ಕೆ ನಿಲ್ಲೋದು ಹರಳು ತಳ ಸೇರಿತು ಅಂತ. ಇದು ಸ್ಕ್ಯಾನಿನಲ್ಲಿ ಕಾಣಲ್ಲ. ಕುತ್ತಿಗೆ ಎಕ್ಸರೇಯಲ್ಲಿ ಸವೆತ ಅರವತ್ತು ದಾಟಿದ ಬಹುತೇಕ ಎಲ್ಲರಿಗೂ ಕಾಣುತ್ತೆ, ಅದನ್ನೇ ಕಾರಣ ಅಂದುಕೊಂಡು ಪಟ್ಟಿ ಹಾಕಿಕೊಂಡವರನ್ನು ವಾರಕ್ಕೊಬ್ಬರಂತೆ ನೋಡ್ತೀನಿ. ನನಗೆ ಇದರಷ್ಟು ಬೇಜಾರು ತರೋದು ಬೇರೆ ಇಲ್ಲ.

ಸಿಂಧನೂರಿನ ರೈತ

ಮೇಡಂ, ಹಂಗಾದ್ರ ಯಾವ ಕಿವಿ ಅಂತ ಗೊತ್ತಾಗೋದು ಹೆಂಗ? ಟೀಚರಕ್ಕ ಮೂರು ದಿನ ತಪ್ಪು ಕಡೆ ಮಾಡ್ಯಾರಲ್ಲ.

ಬಳ್ಳಾರಿ, ಶ್ರವಣ ಪರೀಕ್ಷೆಯ ಕೆಲಸದವಳು

ಅದೇ ಮುಖ್ಯ ಪ್ರಶ್ನೆ ಅಣ್ಣ. ಮಂಚದ ಮೇಲೆ ಕಾಲು ಚಾಚಿ ಕೂರಿಸಿ, ತಲೆಯನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ, ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ ಜೋಲುವ ಹಾಗೆ ಬೇಗ ಮಲಗಿಸ್ತೀವಿ. ಕಣ್ಣು ಮುಚ್ಚೋಕೆ ಬಿಡಲ್ಲ. ಬಲಗಿವಿಯದ್ದಾದರೆ ಕಣ್ಣುಗುಡ್ಡೆ ನೆಲದ ಕಡೆ ಇರುವ ಆ ಕಿವಿಯತ್ತ ತಿರುಚಿಕೊಂಡು, ಜೊತೆಗೆ ಹಣೆಯ ಕಡೆಗೆ ಜಗ್ಗುತ್ತೆ. ಆಮೇಲೆ ಎಡಕ್ಕೂ ಹೀಗೇ ಮಾಡಿ ನೋಡ್ತೀವಿ. ಇದಕ್ಕೆ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ ಅಂತಾರೆ, 1952ರಿಂದ ಇದೆ. ರೋಗಿ ಹೇಳೋದಕ್ಕಿಂತ ಕಣ್ಣು ಹೇಳೋದು ನಂಬಿಕೆಗೆ ಹತ್ತಿರ. ಮಗ್ಗುಲಿನ ಕೊಳವೆಗೆ ಹರಳು ಬಿದ್ದಿದ್ದರೆ ಎರಡೂ ಕಡೆ ಹೊರಳಿದರೂ ಸುತ್ತು ಬರುತ್ತೆ, ಆಗ ಮಾಡುವ ವರಸೆಯೂ ಬೇರೆ.

ಬಲಗಿವಿಯ ಹಿಂಭಾಗದ ಕೊಳವೆ ಅಂತ ಖಾತ್ರಿ ಆದರೆ ಎಪ್ಲಿ ವರಸೆ. ಪರೀಕ್ಷೆಯಲ್ಲಿ ಮಲಗಿಸಿದ ಹಾಗೇ ಬಲಕ್ಕೆ ತಲೆ ಜೋತು ಅರ್ಧದಿಂದ ಒಂದು ನಿಮಿಷ. ತಲೆ ಎತ್ತದೆ ಎಡಕ್ಕೆ 90 ಡಿಗ್ರಿ ಹೊರಳಿಸಿ ಮತ್ತೆ ಅಷ್ಟೇ ಹೊತ್ತು. ಆಮೇಲೆ ಮೈಯನ್ನೂ ಎಡಮಗ್ಗುಲಿಗೆ ಹೊರಳಿಸಿ, ಮೂಗು ನೆಲ ನೋಡುವಷ್ಟು ಮುಖ ಇಳಿಸಿ ಮತ್ತೆ ಅಷ್ಟು ಹೊತ್ತು. ಗದ್ದ ಇಳಿಸಿಕೊಂಡೇ ನಿಧಾನ ಎಬ್ಬಿಸಿ ಕೂರಿಸೋದು. ಹರಳನ್ನು ಕೊಳವೆಯ ತಿರುವಿನುದ್ದಕ್ಕೂ ಜಾರಿಸಿ ಚೀಲಕ್ಕೆ ವಾಪಸ್ಸು ಬೀಳಿಸೋದು, ಅಷ್ಟೇ. ಮನೆಯಲ್ಲಿ ತಪ್ಪೋದು ಎರಡು ಕಡೆ: ಕಿವಿ ತಪ್ಪು, ಇಲ್ಲವೇ ಹೆದರಿ ಅರ್ಧದಲ್ಲೇ ಎದ್ದು ಕೂರೋದು. ನಡುವೆ ಸುತ್ತು ಬಂದರೆ ತಡಕೊಂಡು ಅದೇ ಭಂಗಿಯಲ್ಲಿ ಇರಬೇಕು. ಕುತ್ತಿಗೆ ನಿಜಕ್ಕೂ ಕೆಟ್ಟಿರೋರಿಗೆ, ಮೊದಲ ಸಲದವರಿಗೆ ಮನೆಯಲ್ಲಿ ಬೇಡ.

ಒಂದು ಮಾತು. ಎರಡೆರಡು ಕಾಣೋದು, ಮಾತು ತೊದಲೋದು, ಮುಖ ಅಥವಾ ಕೈ ಸೋಲೋದು, ಹಿಡಿಯದೆ ನಿಲ್ಲೋಕೇ ಆಗದಿರೋದು, ಅಥವಾ ಅಲ್ಲಾಡದೆ ಮಲಗಿದರೂ ಗಂಟೆಗಟ್ಟಲೆ ಸುತ್ತು ನಿಲ್ಲದಿರೋದು, ಇದರಲ್ಲಿ ಯಾವುದೇ ಇದ್ದರೂ ಹರಳಿನ ಮಾತು ಬಿಟ್ಟು ಆಗಲೇ ದೊಡ್ಡ ಆಸ್ಪತ್ರೆಗೆ ಹೋಗಿ. ಮತ್ತೆ ಅಣ್ಣ, ಬಿಪಿ ಗುಳಿಗೆ ಬಿಡಿ ಅಂದಿರಲ್ಲ, ಅದನ್ನು ಮಾತ್ರ ವಾಪಸ್ ತಗೊಳ್ಳಿ.

ಸಿಂಧನೂರಿನ ರೈತ

ತಗೊಂಡೆ ಮೇಡಂ. ಗುಳಿಗಿ ಬಿಡಬ್ಯಾಡ್ರಿ ಅಕ್ಕಾರ. ಆದ್ರ ನಿಂದ್ರಿಸಿ ಒಂದು ಸಲ ಬಿಪಿ ನೋಡಸ್ರಿ, ಅದನ್ನ ಬಿಡಬ್ಯಾಡ್ರಿ.

ಗಂಗಾವತಿಯ ಟೀಚರ್

ನಂಗ ಎಂಟು ತಿಂಗಳಿಗೆ ಮತ್ತ ಬಂತು, ಅದೇ ಕಿವಿ. ಈ ಸಲ ಗೊತ್ತಿತ್ತು, ಹೆದರಲಿಲ್ಲ. ಡಾಕ್ಟ್ರು ವಿಟಮಿನ್ ಡಿ ನೋಡಿಸಿದ್ರು, ಭಾಳ ಕಡಿಮಿ ಇತ್ತು, ಗುಳಿಗಿ ಕೊಟ್ರು. ಅಲ್ಲಿಂದ ಬಂದಿಲ್ಲ. ಗುಳಿಗಿಯಿಂದಾನೋ, ಬರೋದಿರಲಿಲ್ಲೋ ಗೊತ್ತಿಲ್ಲ. ದಿಂಬು ಎತ್ತರ ಇಟ್ಟು ಎರಡು ರಾತ್ರಿ ಮಲಗ್ರಿ ಅಂದಿದ್ರು, ಅದು ಬೇಕೇನ್ರಿ ಮೇಡಂ?

ಬಳ್ಳಾರಿ, ಶ್ರವಣ ಪರೀಕ್ಷೆಯ ಕೆಲಸದವಳು

ಮೊದಲು ಎಲ್ಲರೂ ಹೇಳ್ತಿದ್ದೆವು, ಈಗ ನಾನು ಹೇಳೋದು ಬಿಟ್ಟಿದ್ದೀನಿ. ಅದರಿಂದ ಹೆಚ್ಚು ಲಾಭ ಕಾಣಲಿಲ್ಲ. ಹೇಳುವ ಡಾಕ್ಟರು ಈಗಲೂ ಇದ್ದಾರೆ. ವಿಟಮಿನ್ ಡಿ ಕಡಿಮೆ ಇದ್ದೋರಿಗೆ ಕೊಟ್ಟರೆ ಮರಳಿ ಬರೋದು ಕಡಿಮೆ ಆಗುತ್ತೆ ಅನ್ನೋದಕ್ಕೆ ಆಧಾರ ಇದೆ. ಸರಿ ಇದ್ದೋರು ತಗೊಳ್ಳೋದು ಬೇಡ.

ಮಾನ್ವಿಯ ಮಗಳು

ನಿನ್ನೆ ಕಿವಿ ಡಾಕ್ಟ್ರ ಹತ್ರ ಹೋಗಿದ್ವಿ. ಬಲಕ್ಕ ಮಲಗಿಸಿದ ಮ್ಯಾಲೆ ಅವ್ವ "ಹಿಡಕೊಳ್ಳವ್ವಾ" ಅಂತ ನನ್ನ ತೋಳು ಹಿಂಡಿದಳು. ಕಣ್ಣು ಮೇಡಂ ಹೇಳಿದಂಗ ತಿರುಚಿ ಮ್ಯಾಲಕ ಜಗ್ಗಿದ್ದು ನಾನೂ ನೋಡಿದೆ. ಎಡಕ್ಕ ಏನೂ ಇಲ್ಲ. ವರಸಿ ಎರಡು ಸಲ ಮಾಡಿದ್ರು. ಮೊದಲನೇ ಸಲಕ್ಕ ಸ್ವಲ್ಪ ಉಳಿದಿತ್ತು, ಎರಡನೇದಕ್ಕ ನಿಂತತು. ಕುತ್ತಿಗಿ ಪಟ್ಟಿ ತಗಸ್ಯಾರ. ರಾತ್ರಿ ಬಲಕ್ಕ ಹೊಳ್ಳಿ ಮಲಗ್ಯಾಳ, ಒಂಬತ್ತು ದಿನಕ್ಕ ಮೊದಲ ಸಲ.

ಆದ್ರ ಮುಂಜಾನೆದ್ದು ನಡೀವಾಗ ತೆಪ್ಪದಾಗ ನಿಂತಂಗ ತೂಗತದ ಅಂದ್ಲು. ತಿರಗೋದಿಲ್ಲ, ಬರೇ ತೂಗತದ. ಇದು ಹರಳು ಉಳಿದಿದ್ದೇನ್ರಿ?

ಬಳ್ಳಾರಿ, ಶ್ರವಣ ಪರೀಕ್ಷೆಯ ಕೆಲಸದವಳು

ಹರಳು ಹೋದ ಮೇಲೂ ಕೆಲವು ದಿನ, ಒಮ್ಮೊಮ್ಮೆ ಎರಡು ಮೂರು ವಾರ ಹೀಗೆ ತೂಗೋದು ಉಂಟು. ತಪ್ಪು ಸುದ್ದಿಗೆ ಒಗ್ಗಿದ್ದ ಮಿದುಳು ಸರಿ ಸುದ್ದಿಗೆ ಮತ್ತೆ ಒಗ್ಗಬೇಕು. ಗೋಡೆ ಹಿಡಿದಾದರೂ ನಡೆಸಿ, ಮಲಗಿಸಿ ಇಡಬೇಡಿ. ತಲೆಸುತ್ತಿನ ಗುಳಿಗೆ ಮನೆಯಲ್ಲಿದ್ದರೆ ಎಷ್ಟು ದಿನ ಅಂತ ಡಾಕ್ಟರನ್ನು ಕೇಳಿ, ತಿಂಗಳುಗಟ್ಟಲೆ ನುಂಗಿದರೆ ಈ ಒಗ್ಗೋದು ನಿಧಾನ ಆಗುತ್ತೆ. ಮಗ್ಗುಲು ಹೊರಳಿದಾಗ ತಿರುಗೋದು ವಾಪಸ್ ಬಂದರೆ ಮಾತ್ರ ಇನ್ನೊಂದು ಸಲ ಪರೀಕ್ಷೆ ಮಾಡಿಸಿ. ಕೆಲವೊಮ್ಮೆ ಹರಳು ಒಂದು ಕೊಳವೆಯಿಂದ ಇನ್ನೊಂದಕ್ಕೂ ಹೋಗುತ್ತೆ. ನಿಂತಾಗಿನ ಬಿಪಿ ನೋಡಿದ್ರಾ?

ಮಾನ್ವಿಯ ಮಗಳು

ನೋಡ್ಯಾರ್ರಿ. ಮಲಗಿದಾಗ 138, ನಿಂತು ಮೂರು ನಿಮಿಷಕ್ಕ 114. ಅದಕ್ಕೂ ಗುಳಿಗಿ ಡಾಕ್ಟ್ರಿಗೆ ತೋರಸ್ರಿ ಅಂದಾರ. ಸಿಂಧನೂರಿನ ಅಣ್ಣಾರ, ನೀವು ಹೇಳಿದ್ದೂ ಇತ್ತು ನೋಡ್ರಿ. ಸೋಮವಾರ ಹೋಗ್ತೀವಿ.