ಪದಚರ್ಚೆ: ಲೆಕ್ಕಪತ್ರದ "ಥ್ರೂಪುಟ್"ಗೆ "ಉತ್ಪಾದನೆ" ಆಗುತ್ತದೆಯೇ?

ನಮಸ್ಕಾರ. ಇಡೀ ಕಾರ್ಖಾನೆಯ ಗಳಿಕೆಯನ್ನು ಒಂದು ಅಡಚಣೆಯೇ ನಿರ್ಧರಿಸುತ್ತದೆ ಎನ್ನುವ ಗೋಲ್ಡ್‌ರಾಟ್ ಅವರ ಮಿತಿ ಸಿದ್ಧಾಂತದ ಬಗ್ಗೆ ಒಂದು ಪಾಠ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಥ್ರೂಪುಟ್‌ಗೆ "ಉತ್ಪಾದನೆ" ಅಂದರೆ ಸಾಕೇ?
– ರಮ್ಯಾ

ನೆಟ್‌ವರ್ಕ್ ಕೆಲಸದಲ್ಲಿ ನಾವು "ಹರಿವು" ಅಂತೀವಿ, ಸೆಕೆಂಡಿಗೆ ಎಷ್ಟು ಡೇಟಾ ದಾಟಿತು ಅನ್ನೋದು. ಅದನ್ನೇ ಹಾಕಿ.
– ಪ್ರದೀಪ

ಇಲ್ಲಿರುವುದು ಹಣದ ಲೆಕ್ಕ, ಪ್ರದೀಪ್. ಮಾರಾಟದ ಬೆಲೆಯಲ್ಲಿ ಬದಲಾಗುವ ಖರ್ಚು ಕಳೆದರೆ ಉಳಿಯುವುದು, ಅಂದರೆ ಬಿ.ಕಾಂ.ನಲ್ಲಿ ಓದಿದ ಕಾಂಟ್ರಿಬ್ಯೂಷನ್. ಹಳೆಯ ಪದವೇ ಸಾಕು.
– ಶ್ರೀಧರ

ಶ್ರೀಧರ್ ಅವರೇ, ಹತ್ತಿರ ಬಂದಿದ್ದೀರಿ, ಆದರೆ ಕೂಲಿಯ ಹತ್ತಿರ ದಾರಿ ಬೇರೆಯಾಗುತ್ತದೆ. ಕಾಂಟ್ರಿಬ್ಯೂಷನ್‌ನಲ್ಲಿ ನೇರ ಕೂಲಿಯನ್ನೂ ಸಾಮಾನ್ಯವಾಗಿ ಕಳೆಯುತ್ತೇವೆ. ಥ್ರೂಪುಟ್‌ನಲ್ಲಿ ಕಳೆಯುವುದು ಒಂದು ನಗ ಹೆಚ್ಚು ಮಾಡಿದರೆ ನಿಜವಾಗಿ ಹೆಚ್ಚುವ ಖರ್ಚನ್ನು ಮಾತ್ರ, ಮುಖ್ಯವಾಗಿ ಕಚ್ಚಾ ಮಾಲನ್ನು. ತಿಂಗಳ ಸಂಬಳ ನಿರ್ವಹಣಾ ಖರ್ಚಿಗೆ ಹೋಗುತ್ತದೆ. ಮಾಲು ತಯಾರಾಗಿ ಗೋದಾಮಿನಲ್ಲಿ ಕೂತರೆ ಥ್ರೂಪುಟ್ ಸೊನ್ನೆ, ಆದ್ದರಿಂದ "ಉತ್ಪಾದನೆ" ಖಂಡಿತ ಬೇಡ.

ಒಂದು ಲೆಕ್ಕ ಹಾಕೋಣ. ಒಂದು ವರ್ಕ್‌ಶಾಪ್‌ನಲ್ಲಿ ಎಲ್ಲ ಕೆಲಸವೂ ಕಾಯುವುದು ಒಂದೇ ಗ್ರೈಂಡಿಂಗ್ ಮಷೀನ್‌ಗೆ. ವಾರಕ್ಕೆ ಅದು ಕೊಡುವುದು 2,400 ನಿಮಿಷ. ಸಂಬಳವೂ ಸೇರಿ ವಾರದ ಖರ್ಚು 70,000 ರೂ. ಅದನ್ನು ಕೂಲಿಯ ನಿಮಿಷಕ್ಕೆ 4 ರೂ.ನಂತೆ ಹಂಚಿದ್ದಾರೆ ಅನ್ನಿ.

ಶಾಫ್ಟ್: ಬೆಲೆ 900, ಮಾಲು 400, ಕೂಲಿ 30 ನಿಮಿಷ, ಗ್ರೈಂಡಿಂಗ್ 20 ನಿಮಿಷ.
ಫ್ಲ್ಯಾಂಜ್: ಬೆಲೆ 700, ಮಾಲು 350, ಕೂಲಿ 60 ನಿಮಿಷ, ಗ್ರೈಂಡಿಂಗ್ 10 ನಿಮಿಷ.

ಹಂಚಿಕೆಯ ಲೆಕ್ಕದಲ್ಲಿ ಶಾಫ್ಟ್‌ಗೆ 380 ಲಾಭ, ಫ್ಲ್ಯಾಂಜ್‌ಗೆ 110. ಶಾಫ್ಟ್ ಆರ್ಡರ್ ಹಿಡಿಯಿರಿ ಎಂದೇ ಯಾರಾದರೂ ಹೇಳುತ್ತಾರೆ. ಆದರೆ ವಾರವಿಡೀ ಶಾಫ್ಟ್ ಮಾಡಿದರೆ 120 ಮಾತ್ರ ಆಗುತ್ತದೆ. ಥ್ರೂಪುಟ್ 60,000, ಖರ್ಚು ಕಳೆದರೆ 10,000 ನಷ್ಟ. ಫ್ಲ್ಯಾಂಜ್ 240 ಆಗುತ್ತದೆ: 84,000, ಅಂದರೆ 14,000 ಲಾಭ. ಗ್ರೈಂಡಿಂಗ್‌ನ ಒಂದು ನಿಮಿಷಕ್ಕೆ ಶಾಫ್ಟ್ ತರುವುದು 25 ರೂ., ಫ್ಲ್ಯಾಂಜ್ 35. ಹಂಚಿಕೆ ಎಡವುವುದು ಇಲ್ಲೇ. ಬಿಡುವಿರುವ ಕೈಗಳ ಸಮಯಕ್ಕೂ ಅದು ದರ ಕಟ್ಟುತ್ತದೆ, ನಿಜಕ್ಕೂ ಸಾಲದೆ ಬರುವ ಮಷೀನ್ ನಿಮಿಷವನ್ನು ನೋಡುವುದೇ ಇಲ್ಲ.

ಫ್ಲ್ಯಾಂಜ್‌ಗೆ 150ರಷ್ಟೇ ಬೇಡಿಕೆ ಇದ್ದರೆ ಉಳಿದ 900 ನಿಮಿಷಕ್ಕೆ 45 ಶಾಫ್ಟ್ ಹಾಕಿ, ಲಾಭ 5,000. ಎರಡನೇ ಗ್ರೈಂಡಿಂಗ್ ಮಷೀನ್ ಬಂದು ಅಡಚಣೆ ಬೇರೆಡೆಗೆ ಸರಿದರೆ ಯಾವುದು ಮೊದಲು ಎಂಬ ಈ ಕ್ರಮ ಹಳತಾಯಿತು, ಹೊಸದಾಗಿ ಲೆಕ್ಕ ಹಾಕಬೇಕು.
– ವಸಂತಾ

ನಮ್ಮ ಹೊಲಿಗೆ ಯೂನಿಟ್‌ನಲ್ಲಿ ಪೀಸ್ ಲೆಕ್ಕದ ಕೂಲಿ. ಅಲ್ಲೂ ಕೂಲಿ ಕಳೆಯಬಾರದಾ ಮೇಡಂ? ಹಾಗಾದ್ರೆ ಹಂಚಿಕೆಯನ್ನೇ ಬಿಟ್ಟುಬಿಡಬಹುದಲ್ವಾ?
– ನಾಗರಾಜ್

ಪೀಸ್‌ಗೆ ಕೂಲಿ ಕೊಟ್ಟರೆ ಕಳೆಯಲೇಬೇಕು, ನಾಗರಾಜ್. ಅಲ್ಲಿ ಥ್ರೂಪುಟ್ಟೂ ಕಾಂಟ್ರಿಬ್ಯೂಷನ್ನೂ ಹೆಚ್ಚುಕಡಿಮೆ ಒಂದೇ. ಹಂಚಿಕೆ ಮಾತ್ರ ಬಿಡುವಂತಿಲ್ಲ. ವರ್ಷಾಂತ್ಯದ ಸ್ಟಾಕ್‌ನ ಮೌಲ್ಯಕ್ಕೆ ಉತ್ಪಾದನಾ ಓವರ್‌ಹೆಡ್ ಸೇರಿಸಲೇಬೇಕೆಂದು ಲೆಕ್ಕಪತ್ರ ಮಾನದಂಡ 2 ಹೇಳುತ್ತದೆ. ಯಾವ ಆರ್ಡರ್ ಹಿಡಿಯಬೇಕು ಎಂಬ ತೀರ್ಮಾನಕ್ಕೆ ಆ ಅಂಕಿ ಬಳಸಬೇಡಿ.
– ವಸಂತಾ

"ಮಾರಾಟದ ನಿವ್ವಳ ಗಳಿಕೆ" ಅಂದರೆ?
– ರಮ್ಯಾ

"ನಿವ್ವಳ" ಅಂದ ಕೂಡಲೇ ಎಲ್ಲ ಖರ್ಚೂ ಕಳೆದದ್ದು ಅನ್ನಿಸುತ್ತದೆ. "ಮಾಲು ಕಳೆದ ಗಳಿಕೆ" ನನಗೆ ವಾಸಿ.
– ಶ್ರೀಧರ

ಕಮಿಷನ್, ಸಾಗಣೆಯನ್ನೂ ಕಳೆಯಬೇಕಲ್ಲ, "ಮಾಲು" ಎಂದರೆ ಅವು ಹೊರಗುಳಿಯುತ್ತವೆ. ಸದ್ಯಕ್ಕೆ "ಥ್ರೂಪುಟ್" ಅಂತಲೇ ಇಟ್ಟು, ಮೊದಲ ಸಲ ಬರುವಲ್ಲಿ ಶಾಫ್ಟ್‌ನ 900ರಲ್ಲಿ 400 ಕಳೆದು ತೋರಿಸಿ.
– ವಸಂತಾ