ಪದಚರ್ಚೆ: ಕ್ರೋಮಾ ಶೂಟಿಂಗ್‌ನ ‘ಸ್ಪಿಲ್’ಗೆ ಕನ್ನಡದಲ್ಲಿ ಏನನ್ನೋಣ?

ಚೈತ್ರ, ತುಮಕೂರು

ಎಲ್ಲರಿಗೂ ನಮಸ್ಕಾರ. ಒಂದು ಪದ ಅರ್ಜೆಂಟಾಗಿ ಬೇಕಿತ್ತು.

ಕ್ಲಾಸ್ ಪ್ರಾಜೆಕ್ಟಿಗೆ ಹಿಂದೆ ಹಸಿರು ಬಟ್ಟೆ ಕಟ್ಟಿ ಒಂದು ದೃಶ್ಯ ತೆಗೆದು, ಆಮೇಲೆ ಹಸಿರಿನ ಜಾಗಕ್ಕೆ ಬೇರೆ ಚಿತ್ರ ಕೂರಿಸಿದ್ದೇವೆ. ಹುಡುಗಿಯೊಬ್ಬಳು ಮಧುಗಿರಿ ಕೋಟೆಯ ಮೇಲೆ ನಿಂತು ಮಾತಾಡುವ ದೃಶ್ಯ. ಹೇಗೆ ತೆಗೆದೆವು ಅಂತ ಪೂರ್ತಿ ಕನ್ನಡದಲ್ಲಿ ಒಂದು ಫಲಕವನ್ನೂ ಮಾಡಿ ಇಡಬೇಕು. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗುತ್ತದೆ. ಬೇರೆಲ್ಲ ಹೇಗೋ ಬರೆದೆ. ‘ಸ್ಪಿಲ್’ ಮಾತ್ರ ಸಿಗುತ್ತಿಲ್ಲ. ಅವಳ ಕೆನ್ನೆಯ ಅಂಚು, ಕಿವಿ, ಬಿಳಿ ದುಪಟ್ಟಾ ಎಲ್ಲದರ ಮೇಲೂ ತೆಳುವಾಗಿ ಹಸಿರು ಕಾಣುತ್ತದಲ್ಲ, ಅದು. ಸದ್ಯಕ್ಕೆ ‘ಹಸಿರು ಸೋರಿಕೆ’ ಅಂತ ಹಾಕಿದ್ದೇನೆ. ನನಗೇ ಸರಿ ಅನಿಸುತ್ತಿಲ್ಲ.

ರಂಗಸ್ವಾಮಿ, ಮಧುಗಿರಿ

ಸೋರಿಕೆ ತಪ್ಪು. ‘ಹಸಿರುಚೆಲ್ಲು’ ಎನ್ನಿ. ಚೆಲ್ಲು ಅಚ್ಚಗನ್ನಡ. ಹಸಿರೂ ಅಷ್ಟೇ, ಹಳಗನ್ನಡದ ‘ಪಸುರ್’. ಪಕಾರ ಹಕಾರವಾಯಿತು, ಹಾಲು ಹಣ್ಣುಗಳಲ್ಲಿ ಆದ ಹಾಗೆ. ಎರಡು ದೇಸಿ ಪದ ಸೇರಿದರೆ ಅರಿಸಮಾಸದ ಭಯವೂ ಇಲ್ಲ. ಮತ್ತೆ ‘ಗ್ರೀನ್ ಸ್ಕ್ರೀನ್’ ಅಂತ ಬರೆದಿದ್ದರೆ ತೆಗೆದು ‘ಹಸಿರು ಪರದೆ’ ಮಾಡಿ.

ಶಾರದಾ, ಚಿಕ್ಕಬಳ್ಳಾಪುರ

ಚೈತ್ರ, ಇದಕ್ಕೆ ಪದ ಹುಡುಕಬೇಕಾ? ‘ಬಣ್ಣ ಬಿಡುವುದು’ ಅಲ್ವಾ? ಹೊಸ ಬಟ್ಟೆಯನ್ನು ಉಪ್ಪುನೀರಲ್ಲಿ ನೆನೆಹಾಕದೆ ಒಗೆದರೆ ಪಕ್ಕದ ಬಟ್ಟೆಗೂ ಹತ್ತುತ್ತದೆ. ನನ್ನ ಮಗಳ ಯೂನಿಫಾರ್ಮಿಗೆ ಹೀಗೇ ಹಸಿರು ಹತ್ತಿ ಮತ್ತೆ ಬಿಡಲೇ ಇಲ್ಲ. ನಿಮ್ಮ ದುಪಟ್ಟಾ ಹೋಗಿದ್ದರೆ ಬೇಗ ನೆನೆಸಿಡಿ.

ನಾಗರಾಜ್, ತಿಪಟೂರು

ಶಾರದಮ್ಮ, ಬಟ್ಟೆಯಿಂದ ಬಣ್ಣ ಬಂದಿಲ್ಲ, ಬೆಳಕು ಬಂದಿದೆ. ದುಪಟ್ಟಾ ಮನೆಗೆ ಹೋದರೆ ಬೆಳ್ಳಗೇ ಇರುತ್ತದೆ.

ರಂಗಸ್ವಾಮಿ ಮೇಷ್ಟ್ರೇ, ನಾನು ಎಡಿಟಿಂಗ್ ಮಾಡುವವನು. ನಿಮ್ಮ ‘ಚೆಲ್ಲು’ ಬೇರೆ ಕಡೆ ಬೇಕಾಗುತ್ತದೆ. ಮುಖಕ್ಕೆ ಅಂತ ಇಟ್ಟ ಲೈಟು ಪಕ್ಕದ ಗೋಡೆಗೂ ಬಿದ್ದರೆ ಅದನ್ನೂ ನಾವು ಸ್ಪಿಲ್ ಅಂತಲೇ ಕರೆಯುವುದು. ಅಲ್ಲಿ ‘ಬೆಳಕು ಚೆಲ್ಲಿತು’ ಸರಿ. ಚೈತ್ರ ಕೇಳುತ್ತಿರುವುದು ಬಟ್ಟೆಗೆ ಬಡಿದು ಹಸಿರಾಗಿ ವಾಪಸ್ ಬಂದು ಮೈಮೇಲೆ ಕೂತ ಬೆಳಕನ್ನು. ಎರಡಕ್ಕೂ ಒಂದೇ ಪದ ಕೊಟ್ಟರೆ ಫಲಕ ಓದಿದವರು ಲೈಟನ್ನು ತಿರುಗಿಸಿದರೆ ಸಾಕು ಅಂದುಕೊಳ್ಳುತ್ತಾರೆ. ನಿಜವಾಗಿ ತಿರುಗಿಸಬೇಕಾದದ್ದು ಲೈಟಲ್ಲ, ಹುಡುಗಿಯನ್ನು ಬಟ್ಟೆಯಿಂದ ದೂರ ನಿಲ್ಲಿಸಬೇಕು. ಎಷ್ಟು ದೂರ ನಿಲ್ಲಿಸಿದ್ದಿರಿ?

ಚೈತ್ರ

ಸರ್, ರೂಮು ಚಿಕ್ಕದು. ಹೆಚ್ಚೆಂದರೆ 3 ಅಡಿ. ಬಟ್ಟೆ ಚೆನ್ನಾಗಿ ಹೊಳೆಯಲಿ ಅಂತ ಎರಡೂ ದೊಡ್ಡ ಲೈಟನ್ನು ಅದರ ಮೇಲೆಯೇ ಬಿಟ್ಟಿದ್ದೆವು. ಸಾಫ್ಟ್‌ವೇರಲ್ಲಿ ಸ್ಪಿಲ್ ತೆಗೆದೆ. ಕೆನ್ನೆ ಸರಿಯಾಯಿತು, ಆದರೆ ಅವಳ ಹಳದಿ ಕುರ್ತಾ ಕಿತ್ತಳೆ ಆಗಿಬಿಟ್ಟಿತು! ಇದಕ್ಕೂ ಫಲಕದಲ್ಲಿ ಒಂದು ಸಾಲು ಬರೆಯಬೇಕು, ಕಾರಣ ಗೊತ್ತಾಗಲಿಲ್ಲ.

ಸುರೇಶ್, ಕೋಲಾರ

ನೀಲಿ ಬಟ್ಟೆ ಹಾಕಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ. ನೀಲಿಯಲ್ಲಿ ಸ್ಪಿಲ್ ಆಗಲ್ಲ. ಮತ್ತೆ ಪದದ ಬಗ್ಗೆ: ಇಡೀ ಪ್ರಪಂಚ ಸ್ಪಿಲ್ ಅನ್ನುತ್ತದೆ, ನೀವೂ ಸುಮ್ನೆ ಸ್ಪಿಲ್ ಅನ್ನಿ.

ನಾಗರಾಜ್

ನೀಲಿಯಲ್ಲೂ ಆಗುತ್ತದೆ ಸುರೇಶ್. ಕಡಿಮೆ ಎದ್ದು ಕಾಣುತ್ತದೆ, ಅಷ್ಟೇ. ಆದರೆ ಸಾಮಾನ್ಯ ಕ್ಯಾಮೆರಾ ಸೆನ್ಸರಿನಲ್ಲಿ ಕೆಂಪಿಗೆ ಒಂದು, ನೀಲಿಗೆ ಒಂದು ಬಿಂದು ಇದ್ದರೆ ಹಸಿರಿಗೆ ಎರಡು ಇರುತ್ತವೆ. ಹಾಗಾಗಿ ಹಸಿರು ಚೊಕ್ಕವಾಗಿ ಬರುತ್ತದೆ. ನೀಲಿಗೆ ಬೆಳಕೂ ಜಾಸ್ತಿ ಬೇಕು, ಕಮ್ಮಿಯಾದರೆ ಕೂದಲ ಅಂಚಲ್ಲಿ ಕಾಳುಕಾಳು ಬರುತ್ತದೆ.

ಚೈತ್ರ, ಕುರ್ತಾ ವಿಷಯ. ಸ್ಪಿಲ್ ತೆಗೆಯುವ ಲೆಕ್ಕ ತುಂಬಾ ದಡ್ಡ ಲೆಕ್ಕ. ಅದಕ್ಕೆ ಕೆನ್ನೆ ಯಾವುದು ಕುರ್ತಾ ಯಾವುದು ಗೊತ್ತಿಲ್ಲ. ಒಂದು ವಿಧಾನದಲ್ಲಿ, ಹಸಿರು ಯಾವತ್ತೂ ಕೆಂಪು ನೀಲಿಗಳ ಸರಾಸರಿ ಮೀರಬಾರದು ಅನ್ನುತ್ತದೆ. ಕೆನ್ನೆಯ ಅಂಚು ಕೆಂಪು 150, ಹಸಿರು 165, ನೀಲಿ 120 ಇದೆ ಅನ್ನಿ. ಸರಾಸರಿ 135. ಹಸಿರು 165ರಿಂದ 135ಕ್ಕೆ ಇಳಿಯಿತು, ಚರ್ಮ ಚರ್ಮದ ಹಾಗೆ ಕಂಡಿತು. ಈಗ ಕುರ್ತಾ: ಕೆಂಪು 210, ಹಸಿರು 185, ನೀಲಿ 60. ಅಲ್ಲಿಯೂ ಸರಾಸರಿ 135. ಹಳದಿಗೆ ಆ 185 ಬೇಕಿತ್ತು. ಅದನ್ನೂ 135ಕ್ಕೆ ಇಳಿಸಿದರೆ ಉಳಿಯುವುದು ಕಿತ್ತಳೆ.

ಇನ್ನೊಂದು ವಿಧಾನದಲ್ಲಿ ಹಸಿರು, ಕೆಂಪು ನೀಲಿಗಳಲ್ಲಿ ಯಾವುದು ದೊಡ್ಡದೋ ಅದನ್ನು ಮೀರದಿದ್ದರೆ ಸಾಕು. ಕುರ್ತಾ ಉಳಿಯುತ್ತದೆ. ಆದರೆ ಕೆನ್ನೆ 150ಕ್ಕಷ್ಟೇ ಇಳಿದು ಮಂಕು ಹಳದಿಯಾಗಿಯೇ ಕಾಣುತ್ತದೆ. ಹಾಗಾಗಿ ಕುರ್ತಾ ಸುತ್ತ ಒಂದು ಮಾಸ್ಕ್ ಬರೆದು, ಅದನ್ನು ಬಿಟ್ಟು ಉಳಿದ ಕಡೆಗೆ ಮೊದಲ ವಿಧಾನ ಹಾಕಿ. ಅವಳು ಕೈ ಆಡಿಸಿದರೆ ಮಾಸ್ಕನ್ನೂ ಜೊತೆಗೆ ಆಡಿಸಬೇಕು. ಬೇಸರದ ಕೆಲಸ.

ಕೀ, ಅಂದರೆ ಹಸಿರು ಹಿನ್ನೆಲೆ ತೆಗೆದದ್ದು, ಸರಿ ಬಂತಾ ಅಂತ ನೋಡಲು ಬಣ್ಣದ ಚಿತ್ರ ನೋಡಬೇಡಿ, ಏನು ಉಳಿಯುತ್ತದೆ ಏನು ಹೋಗುತ್ತದೆ ಅಂತ ಕಪ್ಪು ಬಿಳುಪಲ್ಲಿ ತೋರಿಸುವ ಮ್ಯಾಟ್ ಒಂದನ್ನೇ ನೋಡಿ. ಬಟ್ಟೆ ಪೂರ್ತಿ ಕಪ್ಪು, ಹುಡುಗಿ ಪೂರ್ತಿ ಬಿಳಿ, ಕೂದಲ ತುದಿ ಮಾತ್ರ ಬೂದು ಇರಬೇಕು. ಕೆನ್ನೆಯಲ್ಲಿ ಅಥವಾ ದುಪಟ್ಟಾದಲ್ಲಿ ಬೂದು ಕಂಡರೆ ಅಲ್ಲಿ ಹಸಿರು ಎಷ್ಟು ಕೂತಿದೆ ಅಂದರೆ ಸಾಫ್ಟ್‌ವೇರು ಅದನ್ನೂ ಬಟ್ಟೆ ಅಂದುಕೊಂಡಿದೆ. ಆಗ ಅವಳ ಭುಜದೊಳಗಿಂದ ಮಧುಗಿರಿ ಬಂಡೆ ಕಾಣುತ್ತದೆ.

ಸಾಧ್ಯವಾದರೆ ಮತ್ತೆ ತೆಗೆಯಿರಿ. ರೂಮು ಬಿಟ್ಟು ಕಾರಿಡಾರಿಗೆ ಬನ್ನಿ, 7-8 ಅಡಿ ದೂರ ನಿಲ್ಲಿಸಿ. ಬಟ್ಟೆಯ ಬೆಳಕು ಮುಖದ ಬೆಳಕಿಗಿಂತ ಒಂದು ಸ್ಟಾಪ್, ಅಂದರೆ ಅರ್ಧದಷ್ಟು, ಕಮ್ಮಿ ಇದ್ದರೂ ನಡೆಯುತ್ತದೆ, ಎಲ್ಲ ಕಡೆ ಒಂದೇ ಸಮ ಇರುವುದು ಮುಖ್ಯ. ಫ್ರೇಮಿನಲ್ಲಿ ಅವಳ ಹಿಂದೆ ಬೇಕಾದಷ್ಟು ಹಸಿರು ಬಿಟ್ಟು ಎರಡೂ ಬದಿ ಕಪ್ಪು ಬಟ್ಟೆ ಇಳಿಬಿಡಿ. ಕಾಣುವ ಹಸಿರು ಕಮ್ಮಿಯಾದಷ್ಟೂ ಮೈಮೇಲೆ ಬರುವುದೂ ಕಮ್ಮಿ. ಫೋನಲ್ಲಿ ತೆಗೆಯುವುದಾದರೆ ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ. ಇಲ್ಲದಿದ್ದರೆ ಅಷ್ಟು ಹಸಿರು ನೋಡಿ ಫೋನು ಮುಖವನ್ನು ಗುಲಾಬಿ ಕಡೆಗೆ ಎಳೆಯುತ್ತದೆ.

ಚೈತ್ರ

ಭುಜದೊಳಗಿಂದ ಬಂಡೆ ಕಂಡಿದೆ ಸರ್ 🙂 ನಾನು ಅದನ್ನು ಬೇರೆ ದೋಷ ಅಂದುಕೊಂಡಿದ್ದೆ. ಇವತ್ತು ಸಂಜೆ ಕಾರಿಡಾರಲ್ಲಿ ತೆಗೆಯುತ್ತೇವೆ. ಪದ?

ನಾಗರಾಜ್

ಶಾರದಮ್ಮ ಸುಮ್ನೆ ಹೇಳಿಬಿಟ್ಟರಲ್ಲ: ‘ಹಸಿರು ಹತ್ತಿದೆ’. ಕಾರಣ ಬೇರೆಯಾದರೂ ಕಣ್ಣಿಗೆ ಕಾಣುವುದು ಅದೇ. ‘ಹತ್ತಿದ ಹಸಿರು ತೆಗೆಯುವುದು’ ಅಂದರೆ ಎಡಿಟಿಂಗ್ ಕೆಲಸಕ್ಕೂ ಹೆಸರಾಯಿತು.

ರಂಗಸ್ವಾಮಿ

ಹತ್ತು ಅಂದರೆ ಸಂಖ್ಯೆ. ಏರುವುದೂ ಹೌದು. ಶಾಸ್ತ್ರೀಯ ಪದವೊಂದಕ್ಕೆ ಇಷ್ಟು ನಾನಾರ್ಥ ಕೂಡದು. ಅಗಸರ ಮಾತನ್ನು ಪರಿಭಾಷೆ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಶಾರದಾ

ಬಟ್ಟೆ ಒಗೆದವರಿಗೇ ಬಣ್ಣ ಗೊತ್ತಿರುವುದು ಸರ್.

ಸುರೇಶ್

ಮೇಷ್ಟ್ರೇ, ನಾನಾರ್ಥ ಬೇಡ, ಇಂಗ್ಲಿಷ್ ಬೇಡ ಅನ್ನುತ್ತೀರಿ. ನೀವೇ ಕೊಟ್ಟ ‘ಪರದೆ’ ಫಾರಸಿಯದು. ಅದು ಬಂದಾಗ ಯಾರೂ ಬಾಗಿಲು ಹಾಕಲಿಲ್ಲ, ಸ್ಪಿಲ್‌ಗೆ ಮಾತ್ರ ಯಾಕೆ?

ರಂಗಸ್ವಾಮಿ

ಪರದೆ ಹಳತಾಗಿದೆ, ಅರಗಿದೆ. ಅದೂ ಬೇಡವೆಂದರೆ ‘ತೆರೆ’ ಎನ್ನಿ. ಬೆಳ್ಳಿತೆರೆ ಇದೆ, ಯಕ್ಷಗಾನದಲ್ಲಿ ತೆರೆ ಇದೆ. ‘ಹಸಿರುತೆರೆ’. ಇದಕ್ಕೆ ಉತ್ತರ ಹೇಳಿ.

ನಾಗರಾಜ್

ಹಸಿರುತೆರೆ ಚೆನ್ನಾಗಿದೆ, ಒಪ್ಪಿದೆ. ಸ್ಟುಡಿಯೋದಲ್ಲಿ ಮಾತ್ರ ನಾಳೆಯೂ ‘ಕ್ರೋಮಾ ಬಟ್ಟೆ ತಾರೋ’ ಅಂತಲೇ ಕೂಗುವುದು.

ಚೈತ್ರ

ಫಲಕದಲ್ಲಿ ಹೀಗೆ ಬರೆದಿದ್ದೇನೆ: ‘ಹಸಿರುತೆರೆಯಿಂದ ಹಿಂದಿರುಗಿದ ಬೆಳಕು ಕೆನ್ನೆ ಮತ್ತು ದುಪಟ್ಟಾದ ಮೇಲೆ ಬಿದ್ದು ಹಸಿರು ಹತ್ತಿದೆ. ಅದನ್ನು ತೆಗೆದಾಗ ಹಳದಿ ಕುರ್ತಾದ ಹಸಿರಂಶವೂ ಇಳಿದು ಕಿತ್ತಳೆಯಾಯಿತು.’ ‘ಕೀಯಿಂಗ್’ ಹಾಗೇ ಬಿಟ್ಟಿದ್ದೇನೆ, ಪರವಾಗಿಲ್ವಾ?

ರಂಗಸ್ವಾಮಿ

ಪರವಾಗಿದೆ. ‘ಹಿನ್ನೆಲೆ ಕಳೆಯುವುದು’ ಎಂದು ತಿದ್ದಿ.

ಸುರೇಶ್

ಕಳೆದರೆ ಹುಡುಕಿಕೊಂಡು ಬರಬೇಕಾಗುತ್ತದೆ ಮೇಷ್ಟ್ರೇ. ಚೈತ್ರ, ಕೀಯಿಂಗ್ ಇರಲಿ.

ರಂಗಸ್ವಾಮಿ

ಲೆಕ್ಕದಲ್ಲಿ ಕೂಡಿ ಕಳೆಯುವುದನ್ನು ನೀವು ಕೋಲಾರದಲ್ಲಿ ಏನೆನ್ನುತ್ತೀರಿ?