ಪದಚರ್ಚೆ: ಎಲ್‌ಇಡಿ ಬೆಳಕನ್ನು ‘ತಣ್ಣನೆ ಬೆಳಕು’ ಅನ್ನಬಹುದೇ?

ಶಿಕ್ಷಕಿ, ಹಾಸನ:
ಎಂಟನೇ ತರಗತಿಯ ಗೋಡೆಗೆ ಒಂದು ಚಾರ್ಟ್ ಬರೆಯುತ್ತಿದ್ದೇನೆ. ಒಂದು ಕಡೆ ಹಳೆಯ ಫಿಲಮೆಂಟ್ ಬಲ್ಬ್, ಇನ್ನೊಂದು ಕಡೆ ಎಲ್‌ಇಡಿ. ಹಳೆಯದಕ್ಕೆ ‘ಬಿಸಿ ಬೆಳಕು’, ಹೊಸದಕ್ಕೆ ‘ತಣ್ಣನೆ ಬೆಳಕು’ ಅಂತ ಬರೆದರೆ ಸರಿಯಾಗುತ್ತದೆಯೇ? ಮಕ್ಕಳಿಗೆ ಬೇಗ ಹತ್ತುವ ಮಾತು ಬೇಕು.

ನಿವೃತ್ತ ಬ್ಯಾಂಕ್ ನೌಕರ, ಮೈಸೂರು:
ಎರಡೂ ಎಲ್‌ಇಡಿಯಲ್ಲೇ ಇವೆಯಲ್ಲ ಮೇಡಂ. ಡಬ್ಬಿ ಮೇಲೆ ‘ವಾರ್ಮ್ ವೈಟ್’, ‘ಕೂಲ್ ವೈಟ್’ ಅಂತ ಇರುತ್ತದೆ. ನಾನು ಸೆಖೆ ಕಡಿಮೆ ಆಗಲಿ ಅಂತ ಮಲಗುವ ಕೋಣೆಗೆ ಕೂಲ್ ಹಾಕಿದ್ದೇನೆ.

ಎಲೆಕ್ಟ್ರಿಷಿಯನ್, ತುಮಕೂರು:
ಸರ್, ಅದು ಬಣ್ಣದ ಮಾತು. ವಾರ್ಮ್ ಅಂದರೆ ಹಳದಿ ಕಡೆಗೆ, ಕೂಲ್ ಅಂದರೆ ನೀಲಿ ಕಡೆಗೆ. ಕೋಣೆಯ ಸೆಖೆಗೂ ಅದಕ್ಕೂ ಸಂಬಂಧ ಇಲ್ಲ. ಮೇಡಂ ಕೇಳಿದ್ದಕ್ಕೆ ಹೇಳೋದಾದರೆ, ತಣ್ಣನೆ ಅನ್ನೋದೇ ಸರಿ. ಎಲ್‌ಇಡಿಯಲ್ಲಿ ಉರಿಯೋ ತಂತಿನೇ ಇಲ್ಲ, ಬಿಸಿ ಎಲ್ಲಿಂದ ಬರಬೇಕು?

ಎಲೆಕ್ಟ್ರಾನಿಕ್ಸ್ ಎಂಜಿನಿಯರ್, ಬೆಂಗಳೂರು:
ತಂತಿ ಇಲ್ಲ ಅನ್ನೋದು ನಿಜ, ಬಿಸಿ ಇಲ್ಲ ಅನ್ನೋದು ಅಲ್ಲ. ಒಂದು ಗಂಟೆ ಉರಿದ 9 ವ್ಯಾಟ್ ಬಲ್ಬನ್ನು ಆರಿಸಿ ಅದರ ಬುಡ ಮುಟ್ಟಿ ನೋಡಿ. ಚೆನ್ನಾಗಿಯೇ ಬಿಸಿ ಇರುತ್ತದೆ.

ಫಿಲಮೆಂಟಿನಲ್ಲಿ ಬೆಳಕು ಬರಬೇಕಾದರೆ ಮೊದಲು ಟಂಗ್‌ಸ್ಟನ್ ತಂತಿ ಸುಮಾರು 2,500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಲೇಬೇಕು. ಅಷ್ಟು ಕಾದರೂ ಅದು ಸೂಸುವುದರಲ್ಲಿ ಹೆಚ್ಚಿನ ಪಾಲು ಕಣ್ಣಿಗೆ ಕಾಣದ ಅವಕೆಂಪು ಕಿರಣ. ಇನ್ನೂ ಜಾಸ್ತಿ ಕಾಯಿಸಿದರೆ ಕಾಣುವ ಬೆಳಕಿನ ಪಾಲು ಏರುತ್ತದೆ, ಆದರೆ ತಂತಿಯೇ ಬೇಗ ಸವೆದು ತುಂಡಾಗುತ್ತದೆ.

ಎಲ್‌ಇಡಿಯಲ್ಲಿ ಕಾಯಿಸುವ ಹಂತವೇ ಇಲ್ಲ. ಎರಡು ಬಗೆಯ ಅರೆವಾಹಕ ಕೂಡುವ ಕಡೆ ಎಲೆಕ್ಟ್ರಾನು ಮೇಲಿನ ಮಟ್ಟದಿಂದ ಕೆಳಗಿನ ಮಟ್ಟಕ್ಕೆ ಇಳಿಯುತ್ತದೆ. ಇಳಿದಷ್ಟು ಶಕ್ತಿ ನೇರವಾಗಿ ಬೆಳಕಾಗಿ ಹೊರಡುತ್ತದೆ. ಎಷ್ಟು ಇಳಿಯಿತು ಅನ್ನೋದರ ಮೇಲೆ ಬಣ್ಣ ನಿಲ್ಲುತ್ತದೆ. ಮನೆಯ ಬಲ್ಬಿನ ಚಿಪ್ ಕೊಡುವುದು ನೀಲಿ. ಮೇಲಿರುವ ಹಳದಿ ಲೇಪ ಅದರಲ್ಲಿ ಒಂದು ಪಾಲನ್ನು ಹಳದಿಯಾಗಿ ಬದಲಿಸುತ್ತದೆ, ಎರಡೂ ಸೇರಿ ಬಿಳಿ ಕಾಣುತ್ತದೆ.

ಲೆಕ್ಕ ನೋಡಿ. 60 ವ್ಯಾಟಿನ ಹಳೆ ಬಲ್ಬು, 9 ವ್ಯಾಟಿನ ಎಲ್‌ಇಡಿ, ಎರಡೂ ಕೊಡುವ ಕಾಣುವ ಬೆಳಕು ಹತ್ತಿರ ಹತ್ತಿರ 3 ವ್ಯಾಟ್. ಮೊದಲನೆಯದರಲ್ಲಿ 57 ವ್ಯಾಟ್ ವ್ಯರ್ಥ ಶಾಖವಾಗಿ ಹೋಯಿತು, ಎರಡನೆಯದರಲ್ಲಿ 6. ಎಲ್ಲ ಎಲೆಕ್ಟ್ರಾನುಗಳೂ ಬೆಳಕು ಕೊಡುವುದಿಲ್ಲ, ಲೇಪದಲ್ಲಿ ಸ್ವಲ್ಪ ನಷ್ಟ, ಮನೆಯ ಕರೆಂಟನ್ನು ಚಿಪ್‌ಗೆ ತಕ್ಕಂತೆ ಬದಲಿಸುವ ಒಳಗಿನ ಡ್ರೈವರ್‌ ಸರ್ಕ್ಯೂಟಿನಲ್ಲಿ ಸ್ವಲ್ಪ. ಈ 6 ವ್ಯಾಟ್ ಅಲ್ಲಿಂದ ಬರುವುದು.

ಹಾಗಾಗಿ ಬೆಳಕು ತಣ್ಣಗೆ, ಬಲ್ಬು ಅಲ್ಲ. ಚಾರ್ಟಿನಲ್ಲಿ ‘ತಣ್ಣನೆ ಬಲ್ಬು’ ಅಂತ ಮಾತ್ರ ಬರೆಯಬೇಡಿ.

ಎಲೆಕ್ಟ್ರಿಷಿಯನ್, ತುಮಕೂರು:
ಒಪ್ಪಿದೆ. ಬುಡ ಬಿಸಿ ಆಗೋದು ನೋಡಿದ್ದೇನೆ, ಅದು ಡ್ರೈವರ್‌ನದು ಮಾತ್ರ ಅಂದುಕೊಂಡಿದ್ದೆ. ಗಾಳಿಯಾಡದ ಗಾಜಿನ ಡೂಮ್ ಒಳಗೆ ಹಾಕಿದ ಬಲ್ಬುಗಳೇ ಬೇಗ ಹೋಗುತ್ತವೆ. ಬಿಚ್ಚಿದರೆ ಎಷ್ಟೋ ಸಲ ಒಂದು ಚಿಪ್ ಮೇಲೆ ಸಣ್ಣ ಕಪ್ಪು ಚುಕ್ಕೆ. ಸಾಲಾಗಿ ಜೋಡಿಸಿರೋದರಿಂದ ಒಂದು ಸುಟ್ಟರೆ ಎಲ್ಲ ಆರುತ್ತವೆ.

ಎಂಜಿನಿಯರ್:
ಸರಿಯಾಗಿ ಹೇಳಿದಿರಿ. ಅಷ್ಟು ಕಾದ ತಂತಿ ತನ್ನ ಶಾಖವನ್ನು ಕಿರಣವಾಗಿ ದೂರ ಎಸೆಯುತ್ತದೆ. ಚಿಪ್ಪಿಗೆ ಆ ದಾರಿ ಇಲ್ಲ. ಅಲ್ಯೂಮಿನಿಯಂ ತಟ್ಟೆಯ ಮೂಲಕ ಬಲ್ಬಿನ ಮೈಗೆ, ಆ ಮೈಯಿಂದ ಗಾಳಿಗೆ ಹೋಗಬೇಕು. ಗಾಳಿ ಕಟ್ಟಿದರೆ ಶಾಖ ಅಲ್ಲೇ ಕೂರುತ್ತದೆ.

ಕೋಳಿ ಸಾಕಣೆದಾರ, ಚಿತ್ರದುರ್ಗ:
ನಮಗೆ ಈ ‘ವ್ಯರ್ಥ ಶಾಖ’ ಅನ್ನೋ ಮಾತೇ ಒಪ್ಪಲ್ಲ. ಮರಿಗಳಿಗೆ ಕಾವು ಕೊಡಲು ಹಳೆ ಬಲ್ಬು ಹಾಕುತ್ತಿದ್ದೆವು. ಕರೆಂಟ್ ಉಳಿಯಲಿ ಅಂತ ಎಲ್‌ಇಡಿ ಹಾಕಿದೆವು. ಬೆಳಕು ಅಷ್ಟೇ ಇತ್ತು, ಮರಿಗಳು ಮಾತ್ರ ಒಂದರ ಮೇಲೊಂದು ಗುಂಪು ಕಟ್ಟಿ ಕೂತವು. ತಿರುಗಿ ಹಳೆಯದನ್ನೇ ಹಾಕಿದ ಮೇಲೆ ಹರಡಿಕೊಂಡು ಮಲಗಿದವು. ಅವುಗಳ ಪಾಲಿಗೆ ಬೆಳಕೇ ವ್ಯರ್ಥ!

ಶಿಕ್ಷಕಿ:
‘ಕಾವು’ ಚೆನ್ನಾಗಿದೆ ಅಲ್ವಾ? ದೂರದಿಂದ ಮೈಗೆ ತಾಗುವುದು ಕಾವು, ಮುಟ್ಟಿದರೆ ತಿಳಿಯುವುದು ಬಿಸಿ. ‘ಹಳೆ ಬಲ್ಬಿನ ಬೆಳಕಿನಲ್ಲಿ ಕಾವು ಇದೆ. ಎಲ್‌ಇಡಿ ಬೆಳಕಿನಲ್ಲಿ ಕಾವು ಇಲ್ಲ, ಬುಡದಲ್ಲಿ ಬಿಸಿ ಇದೆ’ ಅಂತ ಬರೆದರೆ?

ಎಂಜಿನಿಯರ್:
ವಿಷಯ ಸರಿಯಾಗಿದೆ. ‘ಕಾವು ಬಹಳ ಕಡಿಮೆ’ ಅಂದರೆ ಇನ್ನೂ ಸರಿ. ಕಾಣುವ ಬೆಳಕೂ ಬಿದ್ದ ಕಡೆ ಕೊನೆಗೆ ಶಾಖವೇ ಆಗುತ್ತದೆ.

ನಿವೃತ್ತ ಬ್ಯಾಂಕ್ ನೌಕರ, ಮೈಸೂರು:
ಪದ ಅಷ್ಟು ಸುಲಭವಾಗಿ ಎರಡಾಗುವುದಿಲ್ಲ ಮೇಡಂ. ‘ಹೆಂಚು ಕಾದಿದೆ’ ಅನ್ನುವುದಿಲ್ಲವೇ? ಅದು ಮುಟ್ಟಿದರೆ ಸುಡುವ ಬಿಸಿಯೇ. ನಮ್ಮ ಕಡೆ ಒಲೆಯ ಕಾವು, ಹೆಂಚಿನ ಕಾವು ಎರಡೂ ನಡೆಯುತ್ತವೆ.

ಕೋಳಿ ಸಾಕಣೆದಾರ, ಚಿತ್ರದುರ್ಗ:
ನಮ್ಮಲ್ಲಿ ಹೆಂಚು ಕಾಯುತ್ತದೆ, ಆದರೆ ಕಾವು ಕೊಡೋದು ಕೆಂಡ, ಬಲ್ಬು, ಇಲ್ಲಾ ತಾಯಿಕೋಳಿ. ಕರಾವಳಿ ಕಡೆಯವರು ಏನಂತಾರೆ?